ಅಲಸಂದೆ ಮಡಿಯಿಂದ ವರದಿಯ ಹಾಳೆಗೆ

ಅಲಸಂದೆ ಬೀಜವನ್ನು ಎಷ್ಟು ಆಳದಲ್ಲಿ ಬಿತ್ತಬೇಕು? ಏಳನೆಯ ತರಗತಿಯ ಮಕ್ಕಳು ಇದಕ್ಕೆ ಶಾಲೆಯ ಕೈತೋಟದಲ್ಲಿ ಉತ್ತರ ಹುಡುಕಿ, ಕನ್ನಡ ಅವಧಿಯಲ್ಲಿ ವರದಿ ಬರೆಯುತ್ತಾರೆ. ವಿಜ್ಞಾನದ ಮೇಷ್ಟ್ರು, ಕನ್ನಡದ ಮೇಡಂ ಇಬ್ಬರೂ ಸೇರಿ ನಡೆಸುವ ಪಾಠ ಇದು.

ಬಿತ್ತುವ ಮೊದಲೇ ಬರವಣಿಗೆ ಶುರುವಾಗುತ್ತದೆ. "ಆಳದಲ್ಲಿಟ್ಟ ಬೀಜಗಳು ತಡವಾಗಿ ಬಂದಾವು" ಎಂದು ಮಕ್ಕಳು ಊಹೆಯನ್ನು ಬರೆದಿಡುತ್ತಾರೆ. ಹೀಗೆ ಆಗಬಹುದು ಎಂದಷ್ಟೇ ಸೂಚಿಸುವ ಇಂಥ ಕ್ರಿಯಾಪದವನ್ನು ವ್ಯಾಕರಣ ಸಂಭಾವನಾರ್ಥಕ ಎನ್ನುತ್ತದೆ. ಪಠ್ಯದಲ್ಲಿ ಬಾಯಿಪಾಠವಾಗಿದ್ದ ಆ ರೂಪಕ್ಕೆ ಇಲ್ಲಿ ಕೆಲಸ ಸಿಗುತ್ತದೆ.

ಒಂದೇ ಮಡಿಯಲ್ಲಿ ಎರಡು ಸಾಲು. ಒಂದರಲ್ಲಿ 3 ಸೆಂಟಿಮೀಟರ್ ಆಳಕ್ಕೆ 10 ಬೀಜ, ಇನ್ನೊಂದರಲ್ಲಿ 12 ಸೆಂಟಿಮೀಟರ್ ಆಳಕ್ಕೆ 10 ಬೀಜ. ಬೆರಳಿನಿಂದ ಗುಳಿ ಮಾಡಿದರೆ ಒಬ್ಬೊಬ್ಬರದು ಒಂದೊಂದು ಆಳವಾಗುವುದರಿಂದ, ಗುರುತು ಹಾಕಿದ ಕಡ್ಡಿ ಬಳಸುತ್ತಾರೆ. ಬೀಜ, ಬಿಸಿಲು, ನೀರು ಎಲ್ಲವೂ ಎರಡು ಸಾಲಿಗೂ ಒಂದೇ. ಬದಲಾಗುವುದು ಆಳ ಮಾತ್ರ.

ಹನ್ನೆರಡನೆಯ ದಿನಕ್ಕೆ ಮೇಲಿನ ಸಾಲಿನಲ್ಲಿ 9, ಆಳದ ಸಾಲಿನಲ್ಲಿ 3 ಸಸಿಗಳಿವೆ ಎನ್ನೋಣ. "ಆಳದ ಬೀಜಗಳು ಸತ್ತುಹೋದವು" ಎಂದು ಒಬ್ಬ ಹುಡುಗಿ ಬರೆಯುತ್ತಾಳೆ. "ಸತ್ತದ್ದನ್ನು ನೋಡಿದೆಯಾ?" ಎಂದು ಮೇಡಂ ಕೇಳುತ್ತಾರೆ. ನೋಡಿಲ್ಲ. ವಾಕ್ಯ "7 ಬೀಜಗಳು ಮೇಲೆ ಬರಲಿಲ್ಲ" ಎಂದಾಗುತ್ತದೆ. ಆಮೇಲೆ ಎಲ್ಲರೂ ಸೇರಿ ಮಣ್ಣನ್ನು ಮೆಲ್ಲಗೆ ಅಗೆಯುತ್ತಾರೆ. ಕೆಲವು ಬೀಜ ಕೊಳೆತಿವೆ. ಕೆಲವು ಮೊಳೆತು, ಬಿಳಿ ಕಾಂಡ ಕೊಂಡಿಯಂತೆ ಬಾಗಿ ಅರ್ಧದಲ್ಲೇ ನಿಂತಿವೆ.

ಕಾರಣವನ್ನು ಮೇಷ್ಟ್ರು ವಿವರಿಸುತ್ತಾರೆ. ಅಲಸಂದೆ ತನ್ನ ಎರಡು ಬೀಜದಳಗಳನ್ನು ಹೊತ್ತುಕೊಂಡೇ ಮಣ್ಣನ್ನು ಸೀಳಿ ಬರಬೇಕು. ಎಲೆ ಬಿಸಿಲು ಕಾಣುವ ತನಕ ಅದಕ್ಕಿರುವ ಆಹಾರ ಆ ದಳಗಳಲ್ಲಿರುವುದಷ್ಟೇ. ಇದನ್ನು ಬರೆಯುವಾಗ ಮಕ್ಕಳು ಮತ್ತೆ ಕ್ರಿಯಾಪದ ಬದಲಿಸುತ್ತಾರೆ: "ಕಾಂಡಗಳು ಮಣ್ಣಿನೊಳಗೆ ನಿಂತಿದ್ದವು" ಎಂಬುದು ಕಂಡದ್ದು, "ಆಹಾರ ಮುಗಿದಿರಬಹುದು" ಎಂಬುದು ತರ್ಕ. ಕಂಡದ್ದು ಒಂದು ಪ್ಯಾರಾದಲ್ಲಿ, ತರ್ಕ ಇನ್ನೊಂದರಲ್ಲಿ. ನನ್ನ ಮಟ್ಟಿಗೆ ಇಡೀ ಪಾಠದ ಕಸುಬು ಇರುವುದು ಈ ವಿಂಗಡಣೆಯಲ್ಲೇ.

"ಚೆನ್ನಾಗಿ ಬೆಳೆಯಿತು" ಎಂಬಂಥ ಮಾತನ್ನು ಹೊಡೆದುಹಾಕಿ ಎತ್ತರದ ಅಳತೆ ಬರೆಸುತ್ತಾರೆ. ಪ್ರಯೋಗದ ಮಿತಿಗೂ ವರದಿಯಲ್ಲಿ ಒಂದು ವಾಕ್ಯ ಇರಬೇಕು. 9ಕ್ಕೂ 3ಕ್ಕೂ ಇರುವ ಅಂತರ ಗಮನಿಸುವಂಥದ್ದು. 9 ಮತ್ತು 8 ಬಂದಿದ್ದರೆ ಹತ್ತೇ ಬೀಜಗಳಿಂದ ಏನೂ ಹೇಳಲಾಗುತ್ತಿರಲಿಲ್ಲ. ಕೊಳೆತ ಬೀಜಗಳಿಗೆ ಆಳವೇ ಕಾರಣವೋ, ಹೆಚ್ಚಾದ ನೀರೋ ಎಂಬುದೂ ಈ ಪ್ರಯೋಗದಿಂದ ತೀರ್ಮಾನವಾಗದು.

ಇದನ್ನು ಮಾಡಿಸಲು ಹೊರಟ ಶಿಕ್ಷಕರಿಗೆ ಒಂದು ಮಾತು: ಊಹೆಯನ್ನು ಪೆನ್ನಿನಲ್ಲೇ ಬರೆಸಿ. ಪೆನ್ಸಿಲ್ಲಾದರೆ ಫಲಿತಾಂಶ ಬಂದ ಮೇಲೆ ರಬ್ಬರು ಹೊರಬರುತ್ತದೆ.