ಬರ್ಕ್ಲಿಯ ನಾಲ್ಕು ಮನೆಗಳು

ಸಮಾಜಶಾಸ್ತ್ರ ಎಂ.ಎ. ವಿದ್ಯಾರ್ಥಿಗಳ ಅಂಕಿಅಂಶ ಲ್ಯಾಬಿನಲ್ಲಿ ನಾನು ಪ್ರತಿ ವರ್ಷ ಕೊಡುವ ಅಭ್ಯಾಸ ಒಂದೇ. 1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದವರ ಲೆಕ್ಕ ಅದು. ಆರ್ ಎಂಬ ಉಚಿತ ತಂತ್ರಾಂಶದೊಳಗೇ ಇರುವುದರಿಂದ ಹುಡುಕಾಡಬೇಕಿಲ್ಲ. ಅತಿ ಹೆಚ್ಚು ಅರ್ಜಿ ಬಂದ ಆರು ವಿಭಾಗಗಳ 4,526 ಜನ ಅದರಲ್ಲಿದ್ದಾರೆ. ಅವರನ್ನು ಗಂಡು-ಹೆಣ್ಣು ಎಂದು ಒಂದು ಸಲ, ಸೀಟು ಸಿಕ್ಕಿತು-ಸಿಗಲಿಲ್ಲ ಎಂದು ಇನ್ನೊಂದು ಸಲ ಪಾಲು ಮಾಡಿದರೆ ಹೀಗೊಂದು ಕೋಷ್ಟಕ ಬರುತ್ತದೆ:

| | ಸೀಟು ಸಿಕ್ಕಿತು | ಸಿಗಲಿಲ್ಲ | ಒಟ್ಟು |
|---|---|---|---|
| ಗಂಡಸರು | 1,198 | 1,493 | 2,691 |
| ಹೆಂಗಸರು | 557 | 1,278 | 1,835 |
| ಒಟ್ಟು | 1,755 | 2,771 | 4,526 |

ಇದೇ ಕ್ರಾಸ್‌ಟ್ಯಾಬ್. ನಡುವಿನ ನಾಲ್ಕು ಸಂಖ್ಯೆಗಳು ಕೂತ ಜಾಗವನ್ನು ಚೌಕಾಬಾರದ ಲೆಕ್ಕದಲ್ಲಿ ಮನೆಗಳು ಎಂದುಕೊಳ್ಳೋಣ.

ಹೊಸಬರು ಮೊದಲು ಎಡವುವುದು ಶೇಕಡಾವಾರಿನಲ್ಲಿ. ತಂತ್ರಾಂಶ ಕೇಳಿದ್ದೆಲ್ಲವನ್ನೂ ಕೊಡುತ್ತದೆ, ಅಡ್ಡಸಾಲಿನ ಶೇಕಡಾ, ಕಂಬಸಾಲಿನ ಶೇಕಡಾ ಎರಡನ್ನೂ. ಸೀಟು ಸಿಕ್ಕ 1,755 ಜನರಲ್ಲಿ ಹೆಂಗಸರು ಶೇ. 31.7 ಎಂದು ಓದಿ ಅನ್ಯಾಯ ಎಂದು ಬರೆದುಬಿಡುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಆದರೆ ಅರ್ಜಿ ಹಾಕಿದವರಲ್ಲೇ ಹೆಂಗಸರು ಅರ್ಧಕ್ಕಿಂತ ಕಡಿಮೆ ಇದ್ದರಲ್ಲ! ನಮ್ಮ ಪ್ರಶ್ನೆ ಗಂಡೋ ಹೆಣ್ಣೋ ಎಂಬುದರಿಂದ ಸೀಟಿನ ಅವಕಾಶ ಬದಲಾಯಿತೇ ಎಂಬುದು. ಯಾವುದು ಕಾರಣ ಎಂದು ನಮ್ಮ ಅನುಮಾನವೋ ಆ ಗುಂಪನ್ನೇ ನೂರೆಂದು ಹಿಡಿಯಬೇಕು. ಹಾಗೆ ಹಿಡಿದರೆ ಗಂಡಸರಲ್ಲಿ ಶೇ. 44.5 ಜನಕ್ಕೆ, ಹೆಂಗಸರಲ್ಲಿ ಶೇ. 30.4 ಜನಕ್ಕೆ ಸೀಟು ಸಿಕ್ಕಿದೆ. ಅಂತರ ಹದಿನಾಲ್ಕು.

ಈ ಹದಿನಾಲ್ಕು ಬರೀ ಆಕಸ್ಮಿಕವಿರಬಹುದೇ? ಕೈ-ಸ್ಕ್ವೇರ್ ಪರೀಕ್ಷೆ ಉತ್ತರಿಸುವುದು ಇಷ್ಟೇ ಪ್ರಶ್ನೆಗೆ. (ಕೈ ಎಂದರೆ ಗ್ರೀಕ್ ಅಕ್ಷರ, ನಮ್ಮ ಕೈಗೂ ಅದಕ್ಕೂ ನಂಟಿಲ್ಲ.) ಕಾರ್ಲ್ ಪಿಯರ್ಸನ್ 1900ರಲ್ಲಿ ಇದನ್ನು ಮುಂದಿಟ್ಟ. ಉಪಾಯ ಸರಳವಾದದ್ದು. ಗಂಡು-ಹೆಣ್ಣು ಭೇದ ಇಲ್ಲವೇ ಇಲ್ಲ ಎಂದು ಒಂದು ಗಳಿಗೆ ಒಪ್ಪಿಕೊಳ್ಳಿ. ಒಟ್ಟಾರೆ ಶೇ. 38.8 ಜನಕ್ಕೆ ಸೀಟು ಸಿಕ್ಕಿದೆ, ಅದೇ ದರ ಹೆಂಗಸರಿಗೂ ಸಲ್ಲಬೇಕಿತ್ತು. 1,835ರಲ್ಲಿ ಶೇ. 38.8 ಎಂದರೆ ಸುಮಾರು 711.5. ಇದು ನಿರೀಕ್ಷಿತ ಸಂಖ್ಯೆ. ಸಿಕ್ಕಿದ್ದು 557. ಕೊರತೆ 154.5.

ಒಂದು ಮನೆಯಲ್ಲಿ 154.5 ಕೊರತೆಯಾದರೆ ಪಕ್ಕದ ಮನೆಯಲ್ಲಿ ಅಷ್ಟೇ ಹೆಚ್ಚಾಗಲೇಬೇಕು, ಏಕೆಂದರೆ ಒಟ್ಟು ಮೊತ್ತಗಳು ಗೊತ್ತಾಗಿಬಿಟ್ಟಿವೆ. ನಾಲ್ಕು ಮನೆಗಳಲ್ಲಿ ಒಂದನ್ನು ತುಂಬಿದರೆ ಉಳಿದ ಮೂರು ತಾವಾಗಿಯೇ ತುಂಬಿಕೊಳ್ಳುತ್ತವೆ. ತಂತ್ರಾಂಶ `df = 1` ಎಂದು ತೋರಿಸುವುದರ ಅರ್ಥ ಅದು. ಈ ಸಣ್ಣ ವಿಷಯದಲ್ಲಿ ಪಿಯರ್ಸನ್ನನೇ ತಪ್ಪಿದ್ದ. ಅವನು ಅದನ್ನು ಮೂರು ಎಂದು ಎಣಿಸುತ್ತಿದ್ದ, ಒಂದೇ ಎಂದು ರೊನಾಲ್ಡ್ ಫಿಶರ್ 1922ರಲ್ಲಿ ತೋರಿಸಿಕೊಟ್ಟ. ಹಾಗಾಗಿ ಇದು ಅರ್ಥವಾಗಲು ತಡವಾದ ವಿದ್ಯಾರ್ಥಿಯನ್ನು ನಾನು ಗದರಿಸುವುದಿಲ್ಲ.

ಪ್ರತಿ ಮನೆಯಲ್ಲೂ ವ್ಯತ್ಯಾಸದ ವರ್ಗವನ್ನು ಆ ಮನೆಯ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ನಾಲ್ಕನ್ನೂ ಕೂಡಿದರೆ 92.2 ಬರುತ್ತದೆ. ಲ್ಯಾಬಿನಲ್ಲಿ ಇಷ್ಟು ಸಾಕು:

```r
t <- margin.table(UCBAdmissions, c(2, 1))
prop.table(t, 1)
chisq.test(t, correct = FALSE)
```

ಎರಡನೆಯ ಸಾಲು ಅಡ್ಡಸಾಲಿನ ಶೇಕಡಾವಾರನ್ನು ಕೊಡುತ್ತದೆ. ಕೊನೆಯ ಸಾಲಿನ `correct = FALSE` ಬಿಟ್ಟರೆ 91.6 ಬರುತ್ತದೆ. ಎರಡೆರಡು ಸಾಲಿನ ಕೋಷ್ಟಕಕ್ಕೆ ಆರ್ ತಾನಾಗಿಯೇ ಒಂದು ಸಣ್ಣ ತಿದ್ದುಪಡಿ ಮಾಡುವುದರಿಂದ ಹಾಗಾಗುತ್ತದೆ. ಪಕ್ಕದವನ ಉತ್ತರ ಬೇರೆ ಬಂತೆಂದು ಗಾಬರಿಯಾಗುವವರ ಸಮಸ್ಯೆ ಬಹುಮಟ್ಟಿಗೆ ಇಲ್ಲೇ ಇರುತ್ತದೆ.

ನಂಟೇ ಇಲ್ಲದಿದ್ದರೆ ಇಂಥ ಕೋಷ್ಟಕದಲ್ಲಿ ಆಕಸ್ಮಿಕವಾಗಿ 3.84 ದಾಟುವ ಸಂಭವ ನೂರರಲ್ಲಿ ಐದು. ನಮ್ಮದು 92. ಎಸ್‌ಪಿಎಸ್‌ಎಸ್‌ನ ಹಳೆಯ ಆವೃತ್ತಿ ಬಳಸುವವರಿಗೆ `Sig.` ಕೆಳಗೆ `.000` ಕಾಣುತ್ತದೆ. ಅದನ್ನು ಸೊನ್ನೆ ಎಂದು ಬರೆಯಬೇಡಿ. ಮೂರು ದಶಾಂಶಕ್ಕೆ ಮೊಟಕುಗೊಳಿಸಿದ್ದಷ್ಟೇ, 0.001ಕ್ಕಿಂತ ಕಡಿಮೆ ಎಂದು ಬರೆಯಬೇಕು. ಭೇದ ಇಲ್ಲ ಎಂಬ ಮಾತು ಸುಳ್ಳಾಗಿರುವ ಸಂಭವ ಎಷ್ಟು ಎಂದೂ ಆ ಅಂಕಿ ಹೇಳುವುದಿಲ್ಲ. ಭೇದ ಇಲ್ಲ ಎಂದೇ ಇಟ್ಟುಕೊಂಡರೆ ಇಷ್ಟು ದೊಡ್ಡ ಏರುಪೇರು ಎಷ್ಟು ಅಪರೂಪ ಎಂದಷ್ಟೇ ಹೇಳುತ್ತದೆ.

ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ನಂಟು ಗಟ್ಟಿ ಎಂದೂ ಅಲ್ಲ. ಇದೇ ಶೇಕಡಾವಾರು ಇಟ್ಟುಕೊಂಡು 4,526ರ ಬದಲು 150 ಜನರನ್ನಷ್ಟೇ ತೆಗೆದುಕೊಂಡರೆ ಕೈ-ಸ್ಕ್ವೇರ್ ಸುಮಾರು 3.1ಕ್ಕೆ ಇಳಿದು 3.84ರ ಗೆರೆ ದಾಟದೆ ನಿಲ್ಲುತ್ತದೆ. ಅಂತರ ಅದೇ ಹದಿನಾಲ್ಕು, ತೀರ್ಪು ಮಾತ್ರ ತಿರುವುಮುರುವು. ಆದ್ದರಿಂದ ಕೈ-ಸ್ಕ್ವೇರನ್ನು ಜನಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆದ ಫೈ ಎಂಬ ಅಳತೆಯನ್ನೂ ಬರೆಸುತ್ತೇನೆ. ಸೊನ್ನೆ ಎಂದರೆ ನಂಟಿಲ್ಲ, ಒಂದು ಎಂದರೆ ಪೂರ್ತಿ ನಂಟು. ಇಲ್ಲಿ ಬರುವುದು 0.14, ಅಂದರೆ ಖಚಿತ ಆದರೆ ಸಾಧಾರಣ.

ಬಹಳಷ್ಟು ವರದಿಗಳು ಇಲ್ಲಿಗೇ ಮುಗಿಯುತ್ತವೆ: ಬರ್ಕ್ಲಿ ಹೆಂಗಸರಿಗೆ ಭೇದ ಮಾಡಿತು, ಪುರಾವೆ ಇದೆ. ನಾನು ಆಗ ಅಭ್ಯಾಸದ ಎರಡನೇ ಹಾಳೆ ಕೊಡುತ್ತೇನೆ. ಆರು ವಿಭಾಗಗಳಿಗೆ ಎ ಇಂದ ಎಫ್‌ವರೆಗೆ ಅಕ್ಷರಗಳಷ್ಟೇ ಇವೆ, ಹೆಸರಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಕ್ರಾಸ್‌ಟ್ಯಾಬ್ ಮಾಡಬೇಕು.

ಎ ವಿಭಾಗದಲ್ಲಿ ಗಂಡಸರಲ್ಲಿ ಶೇ. 62, ಹೆಂಗಸರಲ್ಲಿ ಶೇ. 82 ಜನಕ್ಕೆ ಸೀಟು! ಕೈ-ಸ್ಕ್ವೇರ್ 17.2, ಅದೂ ಹೆಂಗಸರ ಪರವಾಗಿ. ಉಳಿದ ಐದರಲ್ಲಿ ಅದು 1ರ ಆಸುಪಾಸು ಇಲ್ಲವೇ ಅದಕ್ಕೂ ಕಡಿಮೆ. ಗಂಡಸರು ಒಂದಿಷ್ಟು ಮುಂದಿರುವುದು ಸಿ ಮತ್ತು ಇ ವಿಭಾಗಗಳಲ್ಲಿ ಮಾತ್ರ, ಅದೂ ಮೂರು ನಾಲ್ಕು ಶೇಕಡಾದಷ್ಟು. ಪ್ರತಿ ಕೋಣೆಯಲ್ಲೂ ಇಲ್ಲದ ಅಂತರ ಇಡೀ ಮನೆಯ ಲೆಕ್ಕದಲ್ಲಿ ಹೇಗೆ ಬಂತು? ಲ್ಯಾಬು ಗಪ್‌ಚಿಪ್ ಆಗುವುದು ಇಲ್ಲೇ.

ಯಾರು ಎಲ್ಲಿಗೆ ಅರ್ಜಿ ಹಾಕಿದರು ಎಂದು ಮೂರನೆಯ ಕ್ರಾಸ್‌ಟ್ಯಾಬ್ ಮಾಡಿದರೆ ಗಂಟು ಬಿಚ್ಚುತ್ತದೆ. ಎ ಮತ್ತು ಬಿ ವಿಭಾಗಗಳಲ್ಲಿ ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸೀಟು ಸಿಗುತ್ತಿತ್ತು. ಗಂಡಸರಲ್ಲಿ ಶೇ. 51 ಜನ ಈ ಎರಡಕ್ಕೇ ಅರ್ಜಿ ಹಾಕಿದ್ದರು, ಹೆಂಗಸರಲ್ಲಿ ಬರೀ ಶೇ. 7. ಎಫ್ ವಿಭಾಗದಲ್ಲಿ ನೂರಕ್ಕೆ ಆರು ಜನಕ್ಕೆ ಸೀಟು ಸಿಕ್ಕರೆ ಹೆಚ್ಚು. ಹೆಂಗಸರ ಅರ್ಜಿಗಳು ಸೀಟು ಕಷ್ಟದ ವಿಭಾಗಗಳಲ್ಲೇ ಒಟ್ಟುಗೂಡಿದ್ದವು. ಇದನ್ನು ಬಿಡಿಸಿ ತೋರಿಸಿದವರು ಪೀಟರ್ ಬಿಕೆಲ್, ಯೂಜೀನ್ ಹ್ಯಾಮೆಲ್ ಮತ್ತು ವಿಲಿಯಂ ಒ'ಕಾನೆಲ್, ಸೈನ್ಸ್ ಪತ್ರಿಕೆಯಲ್ಲಿ, 1975ರಲ್ಲಿ.

ಮೊದಲ 92.2 ಸುಳ್ಳಾಗಿರಲಿಲ್ಲ. ಸೀಟಿಗೂ ಲಿಂಗಕ್ಕೂ ನಂಟಿದೆ ಎಂದು ಅದು ಹೇಳಿತ್ತು, ನಂಟು ಇತ್ತು. ಆಯ್ಕೆ ಸಮಿತಿಯವರು ಭೇದ ಮಾಡಿದರು ಎಂಬ ಮಾತನ್ನು ಸೇರಿಸಿದವರು ನಾವು.

ಎರಡನೇ ಹಾಳೆ ಬರೆದವರಲ್ಲಿ ಕೆಲವರು ಉತ್ಸಾಹದಲ್ಲಿ ಇನ್ನೊಂದು ತುದಿಗೆ ಜಾರುತ್ತಾರೆ: ಹಾಗಾದರೆ ಭೇದವೇ ಇರಲಿಲ್ಲ. ಅದಕ್ಕೂ ನಾನು ಅಂಕ ಕಳೆಯುತ್ತೇನೆ. ಹೆಣ್ಣುಮಕ್ಕಳು ಎ, ಬಿ ವಿಭಾಗಗಳ ಕಡೆ ಏಕೆ ಹೋಗಲಿಲ್ಲ, ಶಾಲೆಯಿಂದಲೇ ಯಾವ ದಾರಿಗೆ ಅವರನ್ನು ತಿರುಗಿಸಲಾಗಿತ್ತು, ಅವರು ಬಯಸಿದ ವಿಭಾಗಗಳಲ್ಲಿ ಸೀಟುಗಳೇ ಏಕೆ ಅಷ್ಟು ಕಡಿಮೆ, ಇವಕ್ಕೆ ಉತ್ತರ ಕೊಡುವ ಕಂಬಸಾಲು ಈ ಕೋಷ್ಟಕದಲ್ಲಿ ಇಲ್ಲ.