ಹಳೇ ಗ್ರಾಫಿಕ್ಸ್ ಕಾರ್ಡ್ ಮಾರುವವರು ಬರೆಯಬೇಕಾದ್ದು

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಿನ ಜಾಹೀರಾತುಗಳು ಹೆಚ್ಚಾಗಿ ಒಂದೇ ಅಚ್ಚಿನವು: ‘ಒಳ್ಳೇ ಕಂಡೀಷನ್, ಡಿಸ್‌ಪ್ಲೇ ಬರುತ್ತೆ, ಗೇಮಿಂಗಿಗಷ್ಟೇ ಬಳಸಿದ್ದು, ಅರ್ಜೆಂಟ್ ಸೇಲ್.’ ಜೊತೆಗೆ ಮಂಚದ ಮೇಲಿಟ್ಟು ತೆಗೆದ ಒಂದು ಫೋಟೊ. ಕೊಳ್ಳುವವರು ತಿಳಿಯಬೇಕಾದ್ದು ಬೇರೆಯೇ ಇರುತ್ತದೆ. ಇದು ನನ್ನ ಕಂಪ್ಯೂಟರಿಗೆ ಕೂರುತ್ತದೆಯೇ? ಏನೇನು ಪರೀಕ್ಷೆ ಮಾಡಿ ನೋಡಿದ್ದೀರಿ? ಇದುವರೆಗೆ ಇದು ಎಷ್ಟು ದುಡಿದಿದೆ? ಇವುಗಳಲ್ಲಿ ಒಂದಕ್ಕೂ ಆ ಸಾಲಿನಲ್ಲಿ ಉತ್ತರವಿಲ್ಲ.

ಆರ್‌ಟಿಎಕ್ಸ್ 3060 ಟಿಐ ಕಾರ್ಡನ್ನೇ ತೆಗೆದುಕೊಳ್ಳೋಣ. ಇದು ಮಾರುಕಟ್ಟೆಗೆ ಬಂದದ್ದು 2020ರ ಡಿಸೆಂಬರಿನಲ್ಲಿ, ಕ್ರಿಪ್ಟೊ ಮೈನಿಂಗ್ ಹುಚ್ಚು ಏರುತ್ತಿದ್ದ ಹೊತ್ತಿನಲ್ಲಿ. ಕರೆಂಟು ಕಡಿಮೆ ತಿಂದು ಹೆಚ್ಚು ಇಥೀರಿಯಮ್ ತೆಗೆಯುತ್ತದೆ ಎಂದು ಮೈನಿಂಗಿನವರು ಇದನ್ನು ಹುಡುಕಿ ಹುಡುಕಿ ಕೊಂಡರು. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ತನ್ನ ಪದ್ಧತಿಯನ್ನೇ ಬದಲಿಸಿತು. ಅಂದಿನಿಂದ ಅದಕ್ಕೆ ಗ್ರಾಫಿಕ್ಸ್ ಕಾರ್ಡಿನ ಅಗತ್ಯವೇ ಉಳಿಯಲಿಲ್ಲ, ದುಡಿಯುತ್ತಿದ್ದ ಕಾರ್ಡುಗಳು ಹಳೇ ಸಾಮಾನಿನ ಮಾರುಕಟ್ಟೆಗೆ ಬಂದವು. ಹಾಗಾಗಿ 2021ರ ಬಿಲ್ ಇರುವ ಕಾರ್ಡಿಗೆ ‘ಗೇಮಿಂಗಿಗಷ್ಟೇ’ ಎಂದು ಬರೆದಿದ್ದರೆ ಇನ್ನೊಂದು ಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ. ಮೈನಿಂಗ್ ವೇಗ ತಗ್ಗಿಸಿದ ‘ಎಲ್‌ಎಚ್‌ಆರ್’ ಮಾದರಿ ನನ್ನದು, ಅದರಿಂದ ಮೈನಿಂಗ್ ಆಗಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಆ ಬೀಗವನ್ನು 2022ರ ಹೊತ್ತಿಗೆ ಮೈನಿಂಗ್ ತಂತ್ರಾಂಶಗಳು ಮುರಿದಿದ್ದವು.

ಆದರೆ ಮೈನಿಂಗ್ ಎಂದ ಕೂಡಲೇ ಕಾರ್ಡು ಸತ್ತೇಹೋಯಿತು ಎಂದುಕೊಳ್ಳಬೇಕಿಲ್ಲ. ಇಥೀರಿಯಮ್ ಲೆಕ್ಕಕ್ಕೆ ಮುಖ್ಯವಾಗಿ ಬೇಕಿದ್ದುದು ಕಾರ್ಡಿನ ಮೆಮೊರಿಯ ವೇಗ. ಅದಕ್ಕೇ ತಿಳಿದವರು 200 ವ್ಯಾಟ್ ಎಳೆಯುವ ಈ ಕಾರ್ಡಿನ ಪವರನ್ನು 120–130 ವ್ಯಾಟಿಗೆ ಇಳಿಸಿ, ಮೆಮೊರಿಯನ್ನು ಮಾತ್ರ ಕಂಪನಿ ಹೇಳಿದ ವೇಗಕ್ಕಿಂತ ಮೇಲೆ ಓಡಿಸುತ್ತಿದ್ದರು. ಮುಖ್ಯ ಚಿಪ್ಪು ಒಂದೇ ಹದದ ಬಿಸಿಯಲ್ಲಿ ಇರುತ್ತಿತ್ತು. ದಿನಕ್ಕೆ ಹತ್ತು ಸಲ ಕಾದು ಆರುವ ಸೈಬರ್ ಕೆಫೆಯ ಕಾರ್ಡಿನ ಬೆಸುಗೆಗಳಿಗೆ ಬೀಳುವ ಪೆಟ್ಟು ಇದಕ್ಕೆ ಅಷ್ಟಾಗಿ ಬೀಳುತ್ತಿರಲಿಲ್ಲ. ಸವೆಯುವುದು ಬೇರೆ ಕಡೆ. ಹಗಲೂ ರಾತ್ರಿ ತಿರುಗಿದ ಫ್ಯಾನಿನ ಬೇರಿಂಗ್ ಹೋಗುತ್ತದೆ, ಚಿಪ್ಪಿನ ಮೇಲಿನ ಪೇಸ್ಟ್ ಒಣಗುತ್ತದೆ, ಮೆಮೊರಿಯ ಬಿಸಿಯನ್ನು ಲೋಹಕ್ಕೆ ದಾಟಿಸುವ ಮೆತ್ತನೆಯ ಪ್ಯಾಡುಗಳು ಗಟ್ಟಿಯಾಗುತ್ತವೆ. ಆ ಪ್ಯಾಡುಗಳಿಂದ ಜಿನುಗಿದ ಎಣ್ಣೆಯ ಕಲೆ ಬೋರ್ಡಿನ ಅಂಚಿನಲ್ಲಿ ಕಾಣುವುದುಂಟು. ಮಂಗಳೂರು, ಕಾರವಾರದ ಕಡೆ ತೆರೆದ ಶೆಡ್ಡಿನಲ್ಲಿದ್ದ ಕಾರ್ಡಾದರೆ ಬ್ರಾಕೆಟ್ಟು, ಸ್ಕ್ರೂಗಳಿಗೆ ತುಕ್ಕೂ ಹಿಡಿದಿರುತ್ತದೆ. ಇಂಥವನ್ನೆಲ್ಲ ತೊಳೆದು ಒರೆಸಿ ಫೋಟೊ ತೆಗೆಯುವವರಿದ್ದಾರೆ. ಆದ್ದರಿಂದ ಎಷ್ಟು ಕಾಲ, ಹೇಗೆ ಓಡಿಸಿದೆ, ಏನು ಬದಲಿಸಿದೆ ಎಂದು ಮಾರುವವರೇ ಬರೆದರೆ ಮಾತ್ರ ಕೊಳ್ಳುವವರಿಗೆ ತಿಳಿಯುತ್ತದೆ. ನೀವೇ ಎರಡನೇ ಕೈಯವರಾದರೆ ‘ನನಗಿಂತ ಮೊದಲಿನ ಬಳಕೆ ಗೊತ್ತಿಲ್ಲ’ ಎಂದು ಬರೆಯಿರಿ. ಅದೂ ಒಂದು ಮಾಹಿತಿಯೇ.

‘ಡಿಸ್‌ಪ್ಲೇ ಬರುತ್ತೆ’ ಎಂಬುದು ಪರೀಕ್ಷೆಯಲ್ಲ. ವಿಂಡೋಸ್ ಪರದೆ ತೋರಿಸಲು 8 ಜಿಬಿ ಮೆಮೊರಿಯಲ್ಲಿ ಸಣ್ಣದೊಂದು ಪಾಲು ಸಾಕು. ಕೆಟ್ಟ ಚಿಪ್ಪು ಉಳಿದ ಭಾಗದಲ್ಲಿದ್ದರೆ ದೊಡ್ಡ ಗೇಮ್ ಹಾಕಿದಾಗಲೇ ಪರದೆಯ ಮೇಲೆ ಬಣ್ಣದ ಚೌಕಗಳು ಏಳುವುದು. ಹೀಗಾಗಿ ಎರಡು ಪರೀಕ್ಷೆ ಬೇಕು. ಒಂದು, ಫರ್‌ಮಾರ್ಕಿನಂಥ ತಂತ್ರಾಂಶದಲ್ಲಿ ಇಪ್ಪತ್ತು ನಿಮಿಷ ಪೂರ್ತಿ ಭಾರ ಹಾಕಿ ಬಿಸಿ ನೋಡುವುದು. ಇನ್ನೊಂದು, OCCT ತಂತ್ರಾಂಶದ VRAM ಪರೀಕ್ಷೆ. ಅದು ಮೆಮೊರಿಯನ್ನು ತುಂಬಿಸಿ ಓದಿ ತಪ್ಪುಗಳನ್ನು ಎಣಿಸುತ್ತದೆ. ಬಿಸಿ ನೋಡುವಾಗ GPU-Z ಎರಡು ಅಂಕಿ ತೋರಿಸುತ್ತದೆ: ಚಿಪ್ಪಿನ ಸಾಮಾನ್ಯ ಉಷ್ಣತೆ ಮತ್ತು ಅದರ ಅತಿ ಬಿಸಿಯ ಜಾಗದ್ದು, ಅಂದರೆ Hot Spot. ಇವೆರಡರ ನಡುವೆ ಹತ್ತು ಹದಿನೈದು ಡಿಗ್ರಿ ಅಂತರ ಸಹಜ. ಇಪ್ಪತ್ತೈದು ದಾಟಿದರೆ ಪೇಸ್ಟ್ ಒಣಗಿದೆ ಅಥವಾ ಕೂಲರ್ ಸರಿಯಾಗಿ ಕೂತಿಲ್ಲ ಎಂದು ಅನುಮಾನಿಸಬಹುದು. ಕೋಣೆಯ ಉಷ್ಣತೆಯನ್ನೂ ಬರೆಯಬೇಕು. ಏಪ್ರಿಲ್‌ನ ಕಲಬುರಗಿಯಲ್ಲಿ ಬಂದ 75 ಡಿಗ್ರಿಯೂ ಜುಲೈನ ಮಡಿಕೇರಿಯಲ್ಲಿ ಬಂದ 75 ಡಿಗ್ರಿಯೂ ಒಂದೇ ಅಲ್ಲ.

ಇನ್ನು ಹೊಂದಾಣಿಕೆ. ಬೆಂಗಳೂರಿನಲ್ಲಿ ಆಫೀಸುಗಳಿಂದ ಹೊರಬಿದ್ದ ಸಣ್ಣ ಡೆಸ್ಕ್‌ಟಾಪ್‌ಗಳು ಅಗ್ಗಕ್ಕೆ ಸಿಗುತ್ತವೆ, ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ಆಡುವ ಆಸೆ ಹುಡುಗರಿಗೆ. ಅಂಥ ಪೆಟ್ಟಿಗೆಯ ಪವರ್ ಸಪ್ಲೈ ಸಾಮಾನ್ಯವಾಗಿ 200 ವ್ಯಾಟಿನ ಆಸುಪಾಸು. 8 ಪಿನ್‌ನ ಗ್ರಾಫಿಕ್ಸ್ ವಯರು ಅದರಲ್ಲಿ ಇರುವುದೇ ಅಪರೂಪ. ತಯಾರಕರು 3060 ಟಿಐಗೆ ಹೇಳುವುದು 600 ವ್ಯಾಟ್. ಕಾರ್ಡಿನ ಉದ್ದ, ಎಷ್ಟು ಸ್ಲಾಟ್ ದಪ್ಪ, ಯಾವ ಪವರ್ ಕನೆಕ್ಟರ್, ಇದರಲ್ಲಿ ವಿಜಿಎ ಪೋರ್ಟ್ ಇಲ್ಲ ಎಂಬುದು, ಇಷ್ಟು ಬರೆದರೆ ಅರ್ಧ ಫೋನ್ ಕರೆಗಳು ಉಳಿಯುತ್ತವೆ. ಹಳೇ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲೂ ಕಾರ್ಡು ಓಡುತ್ತದೆ, ಅದಕ್ಕೆ ಯಾರೂ ತಲೆಕೆಡಿಸಿಕೊಳ್ಳಬೇಕಿಲ್ಲ.

ಎಲ್ಲ ಸೇರಿಸಿ ಬರೆದರೆ ಜಾಹೀರಾತು ಹೀಗಿರಬಹುದು:

‘ಆರ್‌ಟಿಎಕ್ಸ್ 3060 ಟಿಐ, 8 ಜಿಬಿ, ಎರಡು ಫ್ಯಾನ್. ಉದ್ದ 24 ಸೆಂ.ಮೀ., ಎರಡು ಸ್ಲಾಟ್, ಒಂದು 8 ಪಿನ್. ನಾನು 650 ವ್ಯಾಟ್ ಪವರ್ ಸಪ್ಲೈನಲ್ಲಿ ಓಡಿಸುತ್ತಿದ್ದೆ. 2021ರ ಜನವರಿಯ ಬಿಲ್ ಇದೆ, ವಾರಂಟಿ ಮುಗಿದಿದೆ. ಮೊದಲ ಒಂದೂವರೆ ವರ್ಷ ಮೈನಿಂಗ್, 125 ವ್ಯಾಟಿಗೆ ಇಳಿಸಿ, ಬಹುತೇಕ ಬಿಡುವಿಲ್ಲದೆ. ಆಮೇಲೆ ಗೇಮಿಂಗ್. ಒಂದು ಫ್ಯಾನ್ ಸದ್ದು ಮಾಡುತ್ತಿತ್ತು. ಎರಡನ್ನೂ ಬದಲಿಸಿ, ಪೇಸ್ಟ್, ಪ್ಯಾಡ್ ಹೊಸದು ಹಾಕಿಸಿದ್ದೇನೆ, ಹಾಗಾಗಿ ಸ್ಕ್ರೂ ಮೇಲಿನ ಸೀಲ್ ಇಲ್ಲ. ಕೋಣೆ 29 ಡಿಗ್ರಿ ಇದ್ದಾಗ ಇಪ್ಪತ್ತು ನಿಮಿಷ ಫರ್‌ಮಾರ್ಕ್: 71 ಡಿಗ್ರಿ, ಹಾಟ್ ಸ್ಪಾಟ್ 83. ಮೆಮೊರಿ ಪರೀಕ್ಷೆ ಅರ್ಧ ಗಂಟೆ, ತಪ್ಪು ಸೊನ್ನೆ. ನಾಲ್ಕು ಪೋರ್ಟುಗಳಲ್ಲಿ ಮೂರನ್ನು ನೋಡಿದ್ದೇನೆ, ಒಂದು ಡಿಸ್‌ಪ್ಲೇ ಪೋರ್ಟ್ ಪರೀಕ್ಷಿಸಿಲ್ಲ.’

ಈ ಕಡೆಯ ವಾಕ್ಯ ನನಗೆ ಬಹಳ ಇಷ್ಟ. ಮಾಡದ ಪರೀಕ್ಷೆಯನ್ನು ಮಾಡಿಲ್ಲ ಎಂದವರ ಮಿಕ್ಕ ಅಂಕಿಗಳನ್ನು ನಂಬಬಹುದು.

ರ‍್ಯಾಮ್ ವಿಷಯ ಇಷ್ಟು ಉದ್ದವಿಲ್ಲ. ಅದರ ಚೀಟಿಯನ್ನೇ ಸ್ಪಷ್ಟವಾಗಿ ಫೋಟೊ ತೆಗೆದರೆ ಮುಕ್ಕಾಲು ಕೆಲಸ ಮುಗಿಯಿತು. `8GB 1Rx8 PC4-3200AA-U` ಎಂದಿದ್ದರೆ PC4 ಎಂಬುದು ಡಿಡಿಆರ್4, ಕೊನೆಯ U ಎಂಬುದು ಮನೆಯ ಡೆಸ್ಕ್‌ಟಾಪಿನದು. ಅಲ್ಲಿ S ಇದ್ದರೆ ಲ್ಯಾಪ್‌ಟಾಪಿನದು, R ಇದ್ದರೆ ಸರ್ವರಿನದು. ಸರ್ವರಿನ ರ‍್ಯಾಮ್ ಅಗ್ಗವೆಂದು ಕೊಂಡವರು ಮೋಸಹೋಗುವುದು ಇಲ್ಲೇ: ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ, ಮನೆಯ ಕಂಪ್ಯೂಟರ್ ಮಾತ್ರ ಆನ್ ಆಗುವುದಿಲ್ಲ. ಇನ್ನು ಗೇಮಿಂಗ್ ರ‍್ಯಾಮಿನ ಪೆಟ್ಟಿಗೆಯ ಮೇಲಿನ 3200 ಎಷ್ಟೋ ಸಲ ಬಯಾಸ್‌ನಲ್ಲಿ XMP ಆನ್ ಮಾಡಿದರೆ ಮಾತ್ರ ಬರುವ ವೇಗ, ಆದ್ದರಿಂದ ಯಾವ ಬೋರ್ಡಿನಲ್ಲಿ, ಯಾವ ವೇಗದಲ್ಲಿ ಪರೀಕ್ಷಿಸಿದೆ ಎಂದು ಹೇಳಬೇಕು. MemTest86 ನಾಲ್ಕು ಸುತ್ತು ಮುಗಿಸಲಿ. ಒಂದೇ ಒಂದು ತಪ್ಪು ತೋರಿಸಿದರೂ ಅದು ಕೆಟ್ಟ ರ‍್ಯಾಮ್; ‘ಆದರೂ ನಡೆಯುತ್ತೆ’ ಎಂದು ಮಾರುವ ಹಾಗಿಲ್ಲ. ಜೋಡಿಯಲ್ಲಿ ಕೊಂಡದ್ದನ್ನು ಬಿಡಿಸಿ ಮಾರುತ್ತಿದ್ದರೆ, ಹೆಚ್ಚು ವೋಲ್ಟೇಜ್ ಕೊಟ್ಟು ಓವರ್‌ಕ್ಲಾಕ್ ಮಾಡಿದ್ದರೆ ಅದನ್ನೂ ಬರೆಯಿರಿ.

ಕೊಳ್ಳುವವರು ಬಂದಾಗ, ಜಾಹೀರಾತಿನಲ್ಲಿ ಬರೆದ ಇಪ್ಪತ್ತು ನಿಮಿಷದ ಪರೀಕ್ಷೆಯನ್ನು ಅವರ ಕಣ್ಣೆದುರೇ ಮತ್ತೊಮ್ಮೆ ಮಾಡಿ ತೋರಿಸಿ. ಕೊಳ್ಳುವವರು ನೀವಾದರೆ ಅದು ಮುಗಿಯುವವರೆಗೆ ಯುಪಿಐ ಪಿನ್ ಒತ್ತಬೇಡಿ.