ಕೊಟೇಶನ್‌ನಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು

ಕೆಲಸ ಮುಗಿದ ಮೇಲೆ ಬರುವ ಬಿಲ್ಲು ಕೊಟೇಶನ್‌ಗಿಂತ ಹೆಚ್ಚಿದ್ದರೆ ಕೆಲವರು ಗೊಣಗುತ್ತಲೇ ಪೂರ್ತಿ ಹಣ ಕೊಟ್ಟುಬಿಡುತ್ತಾರೆ. ಇನ್ನು ಕೆಲವರು ಸಿಟ್ಟಿಗೆದ್ದು ಒಂದು ಪೈಸೆಯನ್ನೂ ಕೊಡದೆ, ಆತನ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ಮೊದಲಿನವರು ಹಣ ಕಳೆದುಕೊಂಡರೆ, ಎರಡನೆಯವರು ನ್ಯಾಯ ತಮ್ಮ ಕಡೆಗಿದ್ದರೂ ಬಾಕಿದಾರರಾಗಿಬಿಡುತ್ತಾರೆ. ಬಿಲ್ಲನ್ನು ಬಿಡಿಸಿ ನೋಡಿ, ಒಪ್ಪುವಷ್ಟನ್ನು ಕೊಟ್ಟು, ಒಪ್ಪದ್ದನ್ನು ಬರೆದು ಹೇಳುವುದು ಇವೆರಡಕ್ಕಿಂತ ಸುಲಭ.

ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿರುವ ಒಬ್ಬ ಮೇಷ್ಟ್ರು ಯುಪಿವಿಸಿ ಕಿಟಕಿಗಳಿಗೆ ಕೊಟೇಶನ್ ತರಿಸಿದರು ಎಂದಿಟ್ಟುಕೊಳ್ಳೋಣ. ಅದರಲ್ಲಿ ಪ್ರತಿ ಕಿಟಕಿಯ ಅಳತೆ ಇದೆ. ಒಟ್ಟು 240 ಚದರಡಿ, ಚದರಡಿಗೆ 620 ರೂಪಾಯಿ, ಜಿಎಸ್‌ಟಿ ಶೇ 18 ಪ್ರತ್ಯೇಕ. ಎಲ್ಲ ಸೇರಿ 1,75,584 ರೂಪಾಯಿ. 'ಈ ದರ 15 ದಿನ ಮಾತ್ರ' ಎಂಬ ಸಾಲೂ ಇದೆ. ಎಂಟನೇ ದಿನ ಮೇಷ್ಟ್ರು 'ಕೊಟೇಶನ್ ಒಪ್ಪಿದೆ, ಕೆಲಸ ಶುರು ಮಾಡಿ' ಎಂದು ವಾಟ್ಸ್‌ಆ್ಯಪ್ ಮಾಡಿ 90,000 ರೂಪಾಯಿ ಅಡ್ವಾನ್ಸ್ ಹಾಕುತ್ತಾರೆ. ಕಿಟಕಿ ಕೂರಿಸಿದ ಮೇಲೆ ಬಂದ ಬಿಲ್ಲಿನಲ್ಲಿ 262 ಚದರಡಿ, ದರ 690, ತೆರಿಗೆ ಸೇರಿ 2,13,320 ರೂಪಾಯಿ. 'ಸಾರ್, ಪ್ರೊಫೈಲ್ ರೇಟ್ ಏರಿಬಿಟ್ಟಿದೆ, ಹಳೇ ರೇಟಿಗೆ ನಮಗೆ ಗಿಟ್ಟಲ್ಲ' ಎನ್ನುತ್ತಾನೆ ಕಿಟಕಿಯವನು.

ಅವನ ಮಾತು ನಿಜವೇ ಇರಬಹುದು. ಆದರೆ ಮೇಷ್ಟ್ರು ವಾಯಿದೆಯೊಳಗೆ ಒಪ್ಪಿಗೆ ತಿಳಿಸಿದ ಗಳಿಗೆಯಲ್ಲೇ ಆ ಕೊಟೇಶನ್ ಕರಾರಾಯಿತು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಪ್ರಸ್ತಾವವನ್ನು ಯಾವ ಷರತ್ತೂ ಸೇರಿಸದೆ ಒಪ್ಪಿದರೆ ಅದು ಇಬ್ಬರನ್ನೂ ಕಟ್ಟಿಹಾಕುತ್ತದೆ. ಆಮೇಲೆ ದರ ಬದಲಿಸಬೇಕಾದರೆ ಇಬ್ಬರೂ ಒಪ್ಪಬೇಕು; ಬಿಲ್ಲು ಬರೆಯುವವನೊಬ್ಬನ ಇಷ್ಟ ಸಾಲದು. ಮಾರುಕಟ್ಟೆಯಲ್ಲಿ ದರ ಏರಿದರೆ ಬಿಲ್ಲೂ ಏರುತ್ತದೆ ಎಂಬ ಷರತ್ತು ಕೊಟೇಶನ್‌ನಲ್ಲೇ ಇದ್ದರೆ ಮಾತು ಬೇರೆ. ಮೇಷ್ಟ್ರು ಇಪ್ಪತ್ತನೇ ದಿನ ಒಪ್ಪಿಗೆ ಕಳಿಸಿದ್ದರೂ ಮಾತು ಬೇರೆ, ಏಕೆಂದರೆ ಅಷ್ಟರಲ್ಲಿ ಆ ದರದ ವಾಯಿದೆ ಮುಗಿದಿರುತ್ತಿತ್ತು. ಹಾಗಾಗಿ ತಕರಾರು ತೆಗೆಯುವ ಮುನ್ನ ಕೊಟೇಶನ್‌ನ ಕೆಳಗಿರುವ ಸಣ್ಣ ಅಕ್ಷರಗಳನ್ನೂ ಒಪ್ಪಿಗೆ ಕಳಿಸಿದ ತಾರೀಕನ್ನೂ ನೋಡಿಕೊಳ್ಳಬೇಕು. ಬಿಲ್ಲಿನ ಅಡಿಯಲ್ಲಿ 'ತಪ್ಪು ಒಪ್ಪು ತಿದ್ದಲಾಗುವುದು' ಎಂಬರ್ಥದ ಸಾಲು ಇರುತ್ತದೆ. ಕೂಡುವ ಕಳೆಯುವ ತಪ್ಪನ್ನು ಸರಿಪಡಿಸಲು ಅದು ಸಾಕು, ಒಪ್ಪಿದ ದರವನ್ನು ಏರಿಸಲು ಸಾಲದು. ಕೊಳ್ಳುವವರಿಗೂ ಒಂದು ಮಿತಿ ಇದೆ. 620 ಎಂದು ಬರೆಯುವ ಕಡೆ ಅವನು ಕೈತಪ್ಪಿ 62 ಎಂದು ಬರೆದಿದ್ದು, ಅದು ಯಾರಿಗಾದರೂ ಗೊತ್ತಾಗುವಂತಿದ್ದರೆ, ಆ 62ನ್ನು ಹಿಡಿದುಕೊಂಡು ಕೂರುವುದು ನ್ಯಾಯವೂ ಅಲ್ಲ, ನಿಲ್ಲುವುದೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಹೆಚ್ಚಾಗಿರುವುದು 37,736 ರೂಪಾಯಿ. ಇದನ್ನು ಒಂದೇ ಗಂಟಾಗಿ ನೋಡಿದರೆ ಜಗಳವೇ ಹೊರತು ಉತ್ತರ ಸಿಗುವುದಿಲ್ಲ. ದರ ಹೆಚ್ಚಾಗಿದ್ದಕ್ಕೆ ಎಷ್ಟು, ಅಳತೆ ಹೆಚ್ಚಾಗಿದ್ದಕ್ಕೆ ಎಷ್ಟು ಎಂದು ಬೇರೆ ಮಾಡಬೇಕು. ಚದರಡಿಗೆ 70 ರೂಪಾಯಿಯಂತೆ 262 ಚದರಡಿಗೆ 18,340. ಹೆಚ್ಚುವರಿ 22 ಚದರಡಿಗೆ ಹಳೆಯ ದರದಲ್ಲೇ 13,640. ಉಳಿದದ್ದು ಇವೆರಡರ ಮೇಲಿನ ತೆರಿಗೆ.

ದರದ ಭಾಗಕ್ಕೆ ಉತ್ತರ ಆಗಲೇ ಸಿಕ್ಕಿದೆ. ಅಳತೆಗೆ ಟೇಪು ಹಿಡಿಯಬೇಕು. ಹಾಲಿನ ಕಿಟಕಿಯನ್ನು ನಡುವೆ ಮೇಷ್ಟ್ರೇ ಹೇಳಿ ದೊಡ್ಡದು ಮಾಡಿಸಿದ್ದರು: 6 ಅಡಿ ಅಗಲದ್ದು ಎಂಟೂವರೆ ಅಡಿಯಾಯಿತು, ಎತ್ತರ 4 ಅಡಿಯೇ. ಅಲ್ಲಿಗೆ 10 ಚದರಡಿ ನಿಜವಾಗಿ ಹೆಚ್ಚು, ಅದರ ಹಣ ಕೊಡಲೇಬೇಕು. ಬರವಣಿಗೆಯಲ್ಲಿ ಇಲ್ಲ ಎಂದು ಜಾರಿಕೊಳ್ಳುವಂತಿಲ್ಲ. ಪುಕ್ಕಟೆಯಾಗಿ ಮಾಡಿಕೊಟ್ಟದ್ದಲ್ಲದ ಕೆಲಸದ ಲಾಭ ಪಡೆದವರು ಅದಕ್ಕೆ ಹಣ ಕೊಡಬೇಕೆಂದು ಅದೇ ಕರಾರು ಕಾಯ್ದೆ ಹೇಳುತ್ತದೆ. ಉಳಿದ 12 ಚದರಡಿ ಎಲ್ಲಿಂದ ಬಂತು? 4 ಅಡಿ 10 ಇಂಚು ಅಗಲ, 3 ಅಡಿ 10 ಇಂಚು ಎತ್ತರದ ಎಂಟು ಕಿಟಕಿಗಳಿವೆ. ಒಂದೊಂದೂ ಹದಿನೆಂಟೂವರೆ ಚದರಡಿ. ಬಿಲ್ಲಿನಲ್ಲಿ ಅವನ್ನು 5 ಅಡಿಗೆ 4 ಅಡಿ ಎಂದು ಏರಿಸಿ ಇಪ್ಪತ್ತು ಚದರಡಿ ಹಿಡಿಯಲಾಗಿದೆ. ಕಿಟಕಿಗೆ ಒಂದೂವರೆ ಚದರಡಿಯಂತೆ ಎಂಟಕ್ಕೆ ಹನ್ನೆರಡು! ಗಾಜು, ಕಿಟಕಿಗಳ ವ್ಯಾಪಾರದಲ್ಲಿ ಹೀಗೆ ಇಂಚುಗಳನ್ನು ಮೇಲಕ್ಕೆ ಏರಿಸಿ ಲೆಕ್ಕ ಹಿಡಿಯುವ ರೂಢಿ ಉಂಟು. ಕೊಟೇಶನ್‌ನಲ್ಲಿ ಹಾಗೆಂದು ಹೇಳಿದ್ದರೆ ಒಪ್ಪಬೇಕಾಗುತ್ತದೆ. ಇಲ್ಲಿ ಕೊಟೇಶನ್ ನಿಜ ಅಳತೆಯ ಮೇಲೇ ಇತ್ತು, ಆದ್ದರಿಂದ ಬಿಲ್ಲೂ ಅದೇ ಅಳತೆಯ ಮೇಲೆ ಇರಬೇಕು.

ಹಾಗಾದರೆ ಸರಿಯಾದ ಬಿಲ್ಲು 250 ಚದರಡಿಗೆ 620ರಂತೆ 1,55,000, ತೆರಿಗೆ 27,900, ಒಟ್ಟು 1,82,900. ಅಡ್ವಾನ್ಸ್ ಕಳೆದರೆ ಕೊಡಬೇಕಾದದ್ದು 92,900. ತಕರಾರು ಇರುವುದು 30,420ಕ್ಕೆ ಮಾತ್ರ. ಆ 92,900ನ್ನು ತಡೆಹಿಡಿಯದೆ ಬ್ಯಾಂಕ್ ಮೂಲಕ ಕಳಿಸಿ, ಅದೇ ದಿನ ಇಷ್ಟು ಬರೆದರೆ ಸಾಕು:

'ನಿಮ್ಮ ಬಿಲ್ಲು ತಲುಪಿದೆ. ನಾವು ಒಪ್ಪಿದ ಕೊಟೇಶನ್‌ನಲ್ಲಿ ದರ 620 ಇದೆ, ಬಿಲ್ಲಿನಲ್ಲಿ 690 ಇದೆ. ಎಂಟು ಕಿಟಕಿಗಳ ಅಳತೆ 12 ಚದರಡಿ ಹೆಚ್ಚಾಗಿದೆ, ಅಳತೆಯ ಪಟ್ಟಿ ಇದರೊಂದಿಗಿದೆ. ಹಾಲಿನ ಕಿಟಕಿಯ ಹೆಚ್ಚುವರಿ 10 ಚದರಡಿ ನಮಗೆ ಒಪ್ಪಿಗೆ. ಒಪ್ಪಿಗೆಯ ಬಾಕಿ 92,900 ರೂಪಾಯಿ ಇಂದು ಕಳಿಸಿದ್ದೇವೆ. ಉಳಿದ 30,420 ರೂಪಾಯಿಗೆ ಕ್ರೆಡಿಟ್ ನೋಟ್ ಕೊಡಿ.'

ಕ್ರೆಡಿಟ್ ನೋಟ್ ಕೇಳಲು ಕಾರಣವಿದೆ. ಜಿಎಸ್‌ಟಿ ಬಿಲ್ಲು ಒಮ್ಮೆ ಲೆಕ್ಕಕ್ಕೆ ಹೋದ ಮೇಲೆ ಪೆನ್ನಿನಿಂದ ಗೀಚಿ ತಿದ್ದುವಂತಿಲ್ಲ. ಹೆಚ್ಚಾಗಿ ಹಾಕಿದ ಬೆಲೆಯನ್ನೂ ತೆರಿಗೆಯನ್ನೂ ಇಳಿಸುವ ಕಾಗದವೇ ಕ್ರೆಡಿಟ್ ನೋಟ್. ಬಿಲ್ಲಿನ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅದನ್ನು ರಿಟರ್ನ್‌ನಲ್ಲಿ ತೋರಿಸದಿದ್ದರೆ ಮಾರಿದವನಿಗೆ ಆ ತೆರಿಗೆ ಇಳಿಸಿಕೊಳ್ಳಲು ಆಗುವುದಿಲ್ಲ. ಆಮೇಲೆ ಅವನ ಮನಸ್ಸೂ ಗಟ್ಟಿಯಾಗುತ್ತದೆ. 'ಬಿಡಿ ಸಾರ್, ಮುಂದಿನ ಕೆಲಸದಲ್ಲಿ ಹೊಂದಿಸಿಕೊಳ್ಳೋಣ' ಎಂಬ ಮಾತನ್ನು ನಂಬಿ ಸುಮ್ಮನಾದರೆ, ಪುಸ್ತಕದಲ್ಲಿ ಆ 30,420 ಬಾಕಿಯಾಗಿಯೇ ಉಳಿಯುತ್ತದೆ.

ತೆರಿಗೆಯ ದರವೇ ನಡುವೆ ಬದಲಾದರೆ ಆ ವ್ಯತ್ಯಾಸ ತಕರಾರಿಗೆ ಸಲ್ಲದು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಒಪ್ಪಂದದ ನಂತರ ಏರಿದ ತೆರಿಗೆಯನ್ನು ಮಾರುವವನು ಸೇರಿಸಬಹುದು, ಇಳಿದದ್ದನ್ನು ಕೊಳ್ಳುವವರು ಕಳೆಯಬಹುದು ಎಂದು 1930ರ ಸರಕು ಮಾರಾಟ ಕಾಯ್ದೆ ಹೇಳುತ್ತದೆ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಮೊದಲು ದರ ಮಾತಾಡಿ, ಆಮೇಲೆ ಸಿಮೆಂಟ್ ಇಳಿಸಿಕೊಂಡವರು ಹಳೆಯ ತೆರಿಗೆ ಹಾಕಿದ ಬಿಲ್ಲನ್ನು ಒಪ್ಪಬೇಕಿರಲಿಲ್ಲ.

ಕಿಟಕಿಯವನು ಪೂರ್ತಿ ಹಣ ಬಂದ ಮೇಲೇ ಬೀಗ, ಸೊಳ್ಳೆಜಾಲರಿ ಹಾಕುವುದು ಎಂದು ಪಟ್ಟು ಹಿಡಿಯಬಹುದು. ಗೃಹಪ್ರವೇಶ ಹತ್ತಿರವಿದ್ದರೆ ಕೊಡದೆ ವಿಧಿಯಿಲ್ಲ. ಆಗಲೂ 'ಈ 30,420 ರೂಪಾಯಿಯನ್ನು ನಮ್ಮ ತಕರಾರು ಉಳಿಸಿಕೊಂಡೇ ಕೊಡುತ್ತಿದ್ದೇವೆ' ಎಂದು ಹಣದ ಜೊತೆಗೇ ಬರೆದು ಕಳಿಸಬೇಕು. ತುಟಿ ಬಿಚ್ಚದೆ ಕೊಟ್ಟರೆ ಹೊಸ ದರಕ್ಕೆ ಒಪ್ಪಿದಂತೆ ಕಾಣುತ್ತದೆ.

ಇಷ್ಟಾದರೂ ಬಗೆಹರಿಯದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಇಬ್ಬರ ನಡುವೆ ಒಪ್ಪಿದ ಬೆಲೆಗಿಂತ ಹೆಚ್ಚು ವಸೂಲಿ ಮಾಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರಿಗೆ ಕಾರಣವೆಂದು ನೇರವಾಗಿಯೇ ಹೇಳಿದೆ. ಎರಡು ವರ್ಷದೊಳಗೆ, ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಇದು ಸ್ವಂತ ಬಳಕೆಗೆ ಕೊಂಡವರಿಗೆ. ಲಾಭದ ವ್ಯಾಪಾರಕ್ಕಾಗಿ ಕೊಂಡವರು ಸಾಮಾನ್ಯವಾಗಿ ಸಿವಿಲ್ ಕೋರ್ಟಿಗೇ ಹೋಗಬೇಕು. ಅವರಿಗೆ ಮಾರಿದವನು ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕನಾಗಿದ್ದರೆ ಆಕ್ಷೇಪವನ್ನು ಸರಕು ಬಂದ 15 ದಿನದೊಳಗೆ ಬರವಣಿಗೆಯಲ್ಲೇ ಕಳಿಸುವುದು ಕ್ಷೇಮ. ಆ ಅವಧಿ ದಾಟಿದರೆ ಸರಕನ್ನು ಒಪ್ಪಿಕೊಂಡಂತೆ ಎಣಿಸುತ್ತಾರೆ, ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳಬಹುದು.